ಬುದ್ಧಿ ಅನ್ನದ ಶುಭಾಶಯ

ನಮ್ಮ ಕೇರಿಯ ಕನ್ನಡಕ್ಕೆ ಮೇಲಿನವರೊಡನೆ ಮಾತಾಡಲು ಒಂದೇ ದಾರಿಯಿತ್ತು. ಅಪ್ಪ ಗೌಡರ ಮುಂದೆ ನಿಂತರೆ ಮಾತು 'ಬುದ್ಧಿ' ಅಂತಲೇ ಶುರುವಾಗ್ತಿತ್ತು. ಅದು ಹೊಗಳಿಕೆಯಲ್ಲ, ದುಡಿದ ಕೂಲಿ ಕೇಳುವ ರೀತಿ. ಅಪ್ಪನನ್ನು ನಾನು ಹಂಗಿಸಲಾರೆ. ಆದರೆ ಅದೇ ಮಾತು ಈಗ ಇಸ್ತ್ರಿ ಅಂಗಿ ತೊಟ್ಟು ಆಫೀಸಿನೊಳಗೆ ಬಂದು ಕೂತಿದೆ.

ನಾನು ಗುಮಾಸ್ತನಾಗಿರುವ ಬ್ಯಾಂಕಿನಲ್ಲಿ ಮ್ಯಾನೇಜರ್ ಮೇಡಂ ಹುಟ್ಟುಹಬ್ಬ ಬಂತು. ವಾಟ್ಸಾಪ್ ಗುಂಪಿನಲ್ಲಿ ಮೊದಲನೆಯವರು ಬರೀ 'ಶುಭಾಶಯ' ಎಂದರು. ಎರಡನೆಯವರು 'ನಮ್ಮ ಮಾರ್ಗದರ್ಶಿ' ಎಂದರು. ಐದನೆಯವರ ಹೊತ್ತಿಗೆ ಮೇಡಂ 'ಮಾತೃಸ್ವರೂಪಿ' ಆಗಿದ್ದರು. ಗುಂಪಿನಲ್ಲಿ ಬರೆಯುವವನು ಹಿಂದಿನವನಿಗಿಂತ ಒಂದು ಗೇಣು ಹೆಚ್ಚು ಬಾಗಬೇಕಾಗುತ್ತೆ. ಅದಕ್ಕೇ ನಾನು ಅವರೊಬ್ಬರಿಗೇ ಬರೆದೆ.

ಕರೆಯುವುದಕ್ಕೆ 'ಮೇಡಂ' ಒಂದು ಸಲ ಸಾಕು. 'ಪೂಜ್ಯ' ಬೇಡ, 'ತಾವು' ಬೇಡ. 'ನೀವು' ಎಂಬುದರಲ್ಲೇ ಬೇಕಾದಷ್ಟು ಮರ್ಯಾದೆ ಇದೆ. 'ನೂರ್ಕಾಲ ಬಾಳಿ' ಅನ್ನೋದು ಹಿರಿಯರು ಹರಸುವ ಮಾತು. 'ಎಷ್ಟು ತುಂಬ್ತು? ಊಟ ಯಾವಾಗ?' ಅನ್ನೋದು ಗೆಳೆಯರ ಮಾತು. ನಮ್ಮಿಬ್ಬರ ನಡುವೆ ಆ ಎರಡು ಸಲುಗೆಯೂ ಇಲ್ಲ.

ಕಷ್ಟ ಇರೋದು ನಡುವಿನ ಸಾಲಿನಲ್ಲಿ. ಗೆಳೆಯನೊಬ್ಬ 'ಕೇಳಿದಾಗ ರಜೆ ಕೊಟ್ಟಿದ್ದೀರಿ, ಋಣಿಯಾಗಿದ್ದೇನೆ' ಅಂತ ಬರೆದಿದ್ದ. ರಜೆ ನಮ್ಮ ಹಕ್ಕು. ಹಕ್ಕಿಗೆ ಋಣ ಒಪ್ಪಿಕೊಂಡರೆ ಅದು ಭಿಕ್ಷೆಯಾಗುತ್ತೆ. 'ನಿಮ್ಮಂಥವರು ಯಾರಿದ್ದಾರೆ' ಅಂದರೆ ಹೊಗಳಿಕೆ. ನಾನು ಕಣ್ಣಾರೆ ಕಂಡ ಒಂದು ಕೆಲಸ ಹೇಳಿದರೆ ಅದು ಸಾಕ್ಷಿ. ಸಾಕ್ಷಿ ಹೇಳುವವನು ಬಾಗಬೇಕಿಲ್ಲ. ನಾನು ಬರೆದದ್ದು ಇಷ್ಟು:

"ಮೇಡಂ, ಹುಟ್ಟುಹಬ್ಬದ ಶುಭಾಶಯಗಳು. ಕಳೆದ ತಿಂಗಳು ಸಂಘದ ಹೆಂಗಸರಿಗೆ ನೀವು ಸಾಲದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದಿರಿ. ಬಡ್ಡಿ ಎಷ್ಟೆಂದು ತಿಳಿದುಕೊಂಡ ಮೇಲೇ ಅವರು ಹೆಬ್ಬೆಟ್ಟು ಒತ್ತಿದರು. ಅದು ನನಗೆ ಹಿಡಿಸಿತು. ಈ ವರ್ಷ ನಿಮಗೆ ಚೆನ್ನಾಗಿರಲಿ."

ಕೆಳಗೆ ನನ್ನ ಹೆಸರು. 'ನಿಮ್ಮ ವಿಧೇಯ' ಇಲ್ಲ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಬ್ಯಾಂಕಿನಲ್ಲಿ ಕಸ ಗುಡಿಸುವ ಅಕ್ಕನ ಹುಟ್ಟುಹಬ್ಬಕ್ಕೆ, ಅವಳು ಮಾಡಿದ ಕೆಲಸ ಹೆಸರಿಸಿ, ಇದೇ ಅಳತೆಯ ಮಾತು ಬರೆಯಬಲ್ಲೆನಾ? ಬರೆಯಬಲ್ಲೆ ಅನ್ನಿಸಿತು. ಅವಳಿಗೆ ಹೆಚ್ಚಾಗಿ ಕಾಣುವ ಮಾತಿದ್ದರೆ ಅದು ಮೇಡಮ್ಮಿಗೂ ಹೆಚ್ಚೇ.

ಮೆಚ್ಚುವಂಥದ್ದು ಏನೂ ಕಂಡಿಲ್ಲವಾದರೆ ನಡುವಿನ ಸಾಲು ಬಿಟ್ಟುಬಿಡಿ, ಉಳಿದ ಎರಡು ಸಾಕು. ಬಾಗಿದ ಬೆನ್ನನ್ನೇ ನೋಡಿ ರೂಢಿಯಾದ ಮ್ಯಾನೇಜರಿಗೆ ಅದು ಸೊಕ್ಕಾಗಿ ಕಾಣಬಹುದು. ಅದಕ್ಕೆ ಇನ್ನೆರಡು ವಿಶೇಷಣ ಸೇರಿಸೋದು ಮದ್ದಲ್ಲ. ಇನ್ನೊಂದು ಮಾತು: ವರ್ಗಾವಣೆ ಅರ್ಜಿ ಕೊಡುವುದಿದ್ದರೆ ಅವತ್ತು ಕೊಡಬೇಡಿ. ಬೆಳಿಗ್ಗೆ ಶುಭಾಶಯ, ಮಧ್ಯಾಹ್ನ ಅರ್ಜಿ ಅಂದರೆ, ಎಷ್ಟು ನೆಟ್ಟಗೆ ಬರೆದ ಮಾತೂ 'ಬುದ್ಧೀ' ಅಂತಲೇ ಕೇಳಿಸುತ್ತೆ.