ಪ್ರಶ್ನೆಗಳಿದ್ದರೆ ಕೇಳಬಹುದು

ಅನುವಾದದ ಪ್ರಾಜೆಕ್ಟ್ ಮಂಡನೆಗೆ ಪರೀಕ್ಷಕನಾಗಿ ಹೋಗುವುದೆಂದರೆ ಅರ್ಧ ದಿನ ಕೋಷ್ಟಕ ನೋಡುತ್ತ ಕೂರುವುದು ಎಂದೇ ಅರ್ಥ. ಎಡಗಡೆ ಇಂಗ್ಲಿಷ್ ನುಡಿಗಟ್ಟು, ನಡುವೆ ಪದಶಃ ಅನುವಾದ, ಬಲಗಡೆ ‘ಸಮಾನ ಕನ್ನಡ ನುಡಿಗಟ್ಟು’. ಮೊದಲ ಸಾಲಿನಲ್ಲಿ ಬೆಕ್ಕು ನಾಯಿಗಳ ಮಳೆ ಸುರಿಯುತ್ತದೆ, ಎರಡನೆಯ ಸಾಲಿನಲ್ಲಿ ಯಾರೋ ಬಕೆಟ್ ಒದೆಯುತ್ತಾರೆ. ಪ್ರಾಜೆಕ್ಟ್ ಯಾವುದೇ ಇರಲಿ, ಈ ಎರಡು ಸಾಲು ತಪ್ಪುವುದಿಲ್ಲ. ಮಂಡನೆ ಮುಗಿದು ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದೊಡನೆ ಸಭೆ ಗಪ್‌ಚಿಪ್. ಹಿಂದಿನ ಬೆಂಚಿಗೆ ಕಾಫಿಯ ಯೋಚನೆ. ಕೊನೆಗೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ‘ಈ ಪಠ್ಯವನ್ನೇ ಏಕೆ ಆರಿಸಿಕೊಂಡಿರಿ?’ ಎನ್ನುತ್ತಾರೆ. ಗೈಡ್ ಹೇಳಿದರು ಎಂಬ ನಿಜವೊಂದನ್ನು ಬಿಟ್ಟು ಮಿಕ್ಕೆಲ್ಲ ಉತ್ತರವೂ ಬರುತ್ತದೆ.

ಹಾಗೆಂದು ನುಡಿಗಟ್ಟಿನ ಕೋಷ್ಟಕದಲ್ಲಿ ಕೇಳುವುದಕ್ಕೆ ಏನೂ ಇಲ್ಲ ಅಂತಲ್ಲ. ಬೆಕ್ಕು ನಾಯಿಗಳ ಎದುರು ‘ಕುಂಭದ್ರೋಣ ಮಳೆ’ ಎಂದು ಬರೆದಿರುತ್ತಾರೆ. ಸರಿಯೇ. ಆದರೆ ಮೂಲದಲ್ಲಿ ಆ ಮಾತನ್ನು ಹೇಳಿದ್ದು ಶಾಲೆಯಿಂದ ನೆನೆದು ಬಂದ ಎಂಟು ವರ್ಷದ ಹುಡುಗನಾದರೆ? ಕುಂಭವೂ ದ್ರೋಣವೂ ಹಳೆಯ ಕಾಲದ ಅಳತೆಗಳು. ಈಗ ಅವು ಉಳಿದಿರುವುದು ಪತ್ರಿಕೆಯ ತಲೆಬರಹಗಳಲ್ಲಿ. ಹುಡುಗ ‘ಅಮ್ಮಾ, ಧೋ ಅಂತ ಸುರೀತಿದೆ’ ಎನ್ನುತ್ತಾನೆ, ಅಷ್ಟೆ. ಇನ್ನು ಬಕೆಟ್ ಒದ್ದವನ ಕತೆ. ಇಂಗ್ಲಿಷಿನಲ್ಲಿ ಅದು ಸಾವಿನ ಬಗ್ಗೆ ಹಗುರವಾಗಿ ಆಡುವ ಮಾತು. ಬಲಗಡೆ ನೋಡಿದರೆ ‘ಶಿವನ ಪಾದ ಸೇರಿದ’ ಎಂದಿರುತ್ತದೆ. ಕನ್ನಡದಲ್ಲಿ ಸತ್ತವನಿಗೆ ಮರ್ಯಾದೆಯೂ ಉಂಟು, ಮತವೂ ಉಂಟು. ಒಬ್ಬ ಲಿಂಗೈಕ್ಯನಾದರೆ ಇನ್ನೊಬ್ಬ ವೈಕುಂಠವಾಸಿಯಾಗುತ್ತಾನೆ. ಲಂಡನ್ನಿನ ಕುಡುಕ ನಾವಿಕನನ್ನು ಅನುವಾದಕ ಹೀಗೆ ಕೊನೆಗಾಲದಲ್ಲಿ ಶೈವನನ್ನಾಗಿ ಮಾಡಿ ಕಳಿಸಿಬಿಟ್ಟರೆ ಹೇಗೆ? ಅಲ್ಲಿ ಬೇಕಾದದ್ದು ‘ಗೊಟಕ್ ಅಂದ’. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಸಮಾನ ಪದ ಯಾವುದು?’ ಅಲ್ಲ, ‘ಈ ಮಾತು ಯಾರ ಬಾಯಲ್ಲಿದೆ, ಸತ್ತವನ ಮೇಲೆ ಅವನಿಗೆ ಎಷ್ಟು ಪ್ರೀತಿ?’ ಎಂಬುದು.

ಇಷ್ಟಾದರೂ ಇವು ನಿರಪಾಯದ ನುಡಿಗಟ್ಟುಗಳು. ಬೆಕ್ಕು ನಾಯಿಗಳೆಂದರೆ ಅನುವಾದಕ ತಾನಾಗಿಯೇ ಎಚ್ಚರಗೊಳ್ಳುತ್ತಾನೆ, ಪದಶಃ ಇಳಿಸಬಾರದೆಂದು ಅವನಿಗೆ ಗೊತ್ತಿರುತ್ತದೆ. ಅಪಾಯ ಇರುವುದು ಪಾರಿಭಾಷಿಕ ಪದದ ವೇಷದಲ್ಲಿ ಕೂತ ನುಡಿಗಟ್ಟಿನಲ್ಲಿ. ಅದು ಪರಿಭಾಷೆಯ ಪಟ್ಟಿಯಲ್ಲಿ ಗಂಭೀರವಾಗಿ ಕುಳಿತಿರುತ್ತದೆ, ಯಾರೂ ತಡೆದು ವಿಚಾರಿಸುವುದಿಲ್ಲ.

ಒಬ್ಬ ಹುಡುಗಿಯ ಪ್ರಾಜೆಕ್ಟ್ ಹೇಳುತ್ತೇನೆ. ಕಾದಂಬರಿ, ಕವಿತೆಗಳ ಗೊಡವೆಗೆ ಹೋಗದೆ, ಹೃದಯದ ಕವಾಟದ ಶಸ್ತ್ರಕ್ರಿಯೆಯಾದವರಿಗೆ ಆಸ್ಪತ್ರೆಯಲ್ಲಿ ಕೊಡುವ ವಾರ್ಫರಿನ್ ಮಾತ್ರೆಯ ಮಾಹಿತಿ ಪತ್ರವನ್ನು ಅವಳು ಅನುವಾದಿಸಿದ್ದಳು. ಅದನ್ನು ಕಂಡೇ ನನಗೆ ಅರ್ಧ ಸಂತೋಷವಾಯಿತು. ಅವಳ ಪದಪಟ್ಟಿಯ ಮೊದಲ ಪದವೇ ‘ಬ್ಲಡ್ ಥಿನ್ನರ್’. ಎದುರಿಗೆ ‘ರಕ್ತ ತೆಳುಕಾರಕ’, ಆವರಣದಲ್ಲಿ ‘ಪ್ರತಿಸ್ಕಂದಕ’. ಎರಡನೆಯದು ಹಿಂದಿಯ ಪರಿಭಾಷೆಯಿಂದ ಬಂದದ್ದು. ನಮ್ಮ ಕಡೆ ಸ್ಕಂದ ಎಂದರೆ ಸುಬ್ರಹ್ಮಣ್ಯ. ಅವನಿಗೆ ಪ್ರತಿಯಾಗಿ ನಿಂತವನು ತಾರಕಾಸುರನೇ ಇರಬೇಕು. ಅದನ್ನು ಅಲ್ಲಿಗೇ ಬಿಟ್ಟೆವು. ಮೊದಲನೆಯದನ್ನು ಹಿಡಿದೆ.

‘ಅಲ್ಲಮ್ಮ, ಈ ಮಾತ್ರೆ ರಕ್ತವನ್ನು ತೆಳು ಮಾಡುತ್ತದೆಯೇ?’

‘ಇಂಗ್ಲಿಷಿನಲ್ಲಿ ಹಾಗೇ ಇದೆ ಸರ್.’

ಇಂಗ್ಲಿಷಿನಲ್ಲಿ ಹಾಗಿದೆ, ನಿಜ. ಆದರೆ ಅದು ಅಲ್ಲಿನ ಆಡುಮಾತು. ವಾರ್ಫರಿನ್ ನುಂಗಿದರೆ ರಕ್ತ ಕೊಂಚವೂ ತೆಳುವಾಗುವುದಿಲ್ಲ, ನೀರೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಕೆಲವು ಪ್ರೋಟೀನುಗಳು ಬೇಕು. ಅವು ಸರಿಯಾಗಿ ತಯಾರಾಗಲು ಕೆ ಜೀವಸತ್ವ ಬೇಕು. ಆ ಕೆ ಜೀವಸತ್ವದ ಕೆಲಸಕ್ಕೆ ಈ ಮಾತ್ರೆ ಅಡ್ಡ ಬರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಇಷ್ಟೇ ವಿಷಯ. ಕೃತಕ ಕವಾಟದ ಮೇಲೆ ಹೆಪ್ಪು ಕಟ್ಟಿ, ಅದರ ಚೂರು ಮಿದುಳಿಗೆ ಹೋಗಿ ಕೂರಬಾರದು ಎಂಬುದಕ್ಕೆ ಈ ಏರ್ಪಾಡು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಹರಟೆಗೆ ಅಷ್ಟು ರಿಯಾಯಿತಿ ಇದೆ. ಹೆಸರನ್ನು ಅನುವಾದಿಸಬೇಕೋ ವಸ್ತುವನ್ನೋ ಎಂಬ ಜಗಳ ಹಳೆಯದು. ಆಕ್ಸಿಜನ್ ಎಂಬ ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಎಲ್ಲ ಆಮ್ಲಗಳೂ ಈ ಅನಿಲದಿಂದಲೇ ಹುಟ್ಟುತ್ತವೆ ಎಂದು ನಂಬಿ, ಗ್ರೀಕಿನಲ್ಲಿ ಆಮ್ಲವನ್ನು ಹುಟ್ಟಿಸುವಂಥದ್ದು ಎಂಬ ಅರ್ಥ ಬರುವಂತೆ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟ. ಅಷ್ಟರಲ್ಲಿ ಹೆಸರು ಊರೂರು ಸುತ್ತಿಯಾಗಿತ್ತು. ನಮ್ಮವರು ಆ ಹೆಸರನ್ನು ಅರ್ಥ ನೋಡಿ ನಿಷ್ಠೆಯಿಂದ ಅನುವಾದಿಸಿ ‘ಆಮ್ಲಜನಕ’ ಎಂದರು, ಲವಾಸಿಯೆಯ ತಪ್ಪನ್ನೂ ಕನ್ನಡಕ್ಕೆ ತಂದರು. ಆದರೆ ಇದರಿಂದ ಯಾರಿಗೂ ನಷ್ಟವಾಗಿಲ್ಲ. ಆಸ್ಪತ್ರೆಯ ಸಿಲಿಂಡರಿನ ಮೇಲೆ ಆಮ್ಲಜನಕ ಎಂದು ಬರೆದಿದ್ದರೆ, ಇದರಲ್ಲಿ ಹುಳಿ ಇದೆಯೇ ಎಂದು ಯಾರೂ ಹಿಂದೆ ಸರಿಯುವುದಿಲ್ಲ. ಪದದ ಒಳಗಿನ ಅರ್ಥ ಸವೆದುಹೋಗಿ ಬರೀ ಹೆಸರು ಉಳಿದಿದೆ. ಅದೇ ಪಠ್ಯಪುಸ್ತಕದಲ್ಲಿ ಮುಂದಿನ ಸಾಲಿಗೆ ‘ಇಂಗಾಲದ ಡೈಆಕ್ಸೈಡ್’ ಎಂದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬರುತ್ತದೆ. ಅದೂ ನಡೆಯುತ್ತದೆ. ಪರಿಭಾಷೆಯಲ್ಲಿ ಏಕರೂಪತೆ ಬೇಕೆಂದು ಮೇಜು ಗುದ್ದುವವರು ಇದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ವಿವರಿಸಲಿ ನೋಡೋಣ.

‘ತೆಳು’ ಹಾಗಲ್ಲ. ಅದು ಇನ್ನೂ ಮಾತಾಡುವ ಪದ. ಸಾರು ತೆಳು, ಮಜ್ಜಿಗೆ ತೆಳು, ಬಟ್ಟೆ ತೆಳು. ಎಲ್ಲ ಕಡೆಯೂ ಏನೋ ಕಡಿಮೆಯಾಯಿತು ಎಂದೇ ಅರ್ಥ. ರಕ್ತ ತೆಳುವಾಯಿತು ಎಂದರೆ ನಮ್ಮ ಜನ ಏನೆಂದುಕೊಳ್ಳುತ್ತಾರೆ? ನಾನು ಹುಡುಗಿಗೆ, ‘ನಿಮ್ಮ ಅನುವಾದವನ್ನು ಯಾರಿಗಾದರೂ ಓದಿಸಿದ್ದೀರಾ?’ ಎಂದೆ. ಮಂಡನೆಯ ದಿನ ಕೇಳಲೇಬೇಕಾದ ಒಂದು ಪ್ರಶ್ನೆ ಇದ್ದರೆ ಅದು ಇದು. ಪುಣ್ಯಕ್ಕೆ ಓದಿಸಿದ್ದಳು, ಪಕ್ಕದ ಮನೆಯ ಅಜ್ಜಿಗೆ. ಅಜ್ಜಿ ಏನಂದರು ಎಂಬುದು ಮಾತ್ರ ಪ್ರಬಂಧದಲ್ಲಿರಲಿಲ್ಲ, ಕೇಳಿದ ಮೇಲೆ ನಗುತ್ತ ಹೇಳಿದಳು: ‘ರಕ್ತ ನೀರಾದ್ರೆ ಸುಸ್ತಾಗಲ್ವೇನೇ? ಸುಸ್ತಾದ ದಿನ ಮಾತ್ರೆ ಬಿಟ್ಟು ಬೀಟ್‌ರೂಟ್ ತಿಂದರಾಯ್ತು ಬಿಡು.’

ಪ್ರಾಜೆಕ್ಟಿನ ತಿರುಳು ಅದೇ ಆಗಿತ್ತು. ಕವಾಟ ಬದಲಿಸಿಕೊಂಡವರು ಮಾತ್ರೆ ಬಿಟ್ಟರೆ ಪಾರ್ಶ್ವವಾಯುವಿಗೆ ದಾರಿ. ಅಜ್ಜಿ ಬುದ್ಧಿವಂತರೇ, ಓದಿದ್ದರಿಂದ ನ್ಯಾಯವಾಗಿ ಬರಬೇಕಾದ ತೀರ್ಮಾನಕ್ಕೇ ಬಂದಿದ್ದರು. ತಪ್ಪು ದಾರಿ ತೋರಿಸಿದ್ದು ‘ತೆಳು’.

ಆಗ ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕರು, ‘ಮರು ಅನುವಾದ ಮಾಡಿಸಿ ಪರಿಶೀಲಿಸಿದ್ದೀರಾ?’ ಎಂದರು. ಒಳ್ಳೆಯ ಪ್ರಶ್ನೆ. ಔಷಧ ಪ್ರಯೋಗಗಳ ಒಪ್ಪಿಗೆ ಪತ್ರಗಳನ್ನು ಹೀಗೇ ಪರೀಕ್ಷಿಸುವುದು ವಾಡಿಕೆ: ಕನ್ನಡವನ್ನು ಮೂಲ ನೋಡದ ಬೇರೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಮೂಲದೊಂದಿಗೆ ಹೋಲಿಸಿ ನೋಡುತ್ತಾರೆ. ಬಿಟ್ಟುಹೋದ ವಾಕ್ಯ, ಉಲ್ಟಾ ಆದ ‘ಬೇಕು’, ‘ಬೇಡ’ ಎಲ್ಲ ಸಿಕ್ಕಿಬೀಳುತ್ತವೆ. ಆದರೆ ‘ರಕ್ತ ತೆಳುಕಾರಕ’ವನ್ನು ಇಂಗ್ಲಿಷಿಗೆ ಮರಳಿಸಿ ನೋಡಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ ‘ಬ್ಲಡ್ ಥಿನ್ನರ್’ ಎಂದೇ ಬಂದು ನಿಲ್ಲುತ್ತದೆ. ಪೂರ್ತಿ ಅಂಕ! ಪದಕ್ಕೆ ಪದ ಇಟ್ಟ ತಪ್ಪು ಮರು ಅನುವಾದದಲ್ಲಿ ಸಿಗುವುದೇ ಇಲ್ಲ. ಅದನ್ನು ಹಿಡಿಯಲು ಅಜ್ಜಿಯೇ ಬೇಕು, ಅವರಿಗೆ ‘ಅರ್ಥ ಆಯ್ತಾ?’ ಎಂದು ಕೇಳಿದರೂ ಸಾಲದು; ಯಾರೂ ಇಲ್ಲ ಎನ್ನುವುದಿಲ್ಲ. ‘ಇದನ್ನು ಓದಿದ ಮೇಲೆ ನಾಳೆ ಏನು ಮಾಡ್ತೀರಿ?’ ಎಂದು ಕೇಳಬೇಕು.

ಹಾಗಾದರೆ ಏನು ಬರೆಯಬೇಕಿತ್ತು? ‘ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ’. ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಮನೆಯಲ್ಲಿ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಇಂಗ್ಲಿಷಿನವರು ಆಡುಮಾತಿಗೊಂದು, ವೈದ್ಯರಿಗೊಂದು ಪದ ಇಟ್ಟುಕೊಂಡಿದ್ದಾರೆ. ನಮಗೆ ಒಂದೇ ಮಾತು ಎರಡೂ ಕಡೆಗೆ ಆಗಿಬರುತ್ತದೆ. ಇಷ್ಟು ಹೇಳಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹುಡುಗಿಯೇ ನನ್ನನ್ನು ತಡೆದಳು. ‘ಆದರೆ ಸರ್, ಹಲ್ಲು ಕೀಳುವ ಮುಂಚೆ ಡೆಂಟಿಸ್ಟ್ ಏನು ಕೇಳ್ತಾರೆ? ಬ್ಲಡ್ ಥಿನ್ನರ್ ತಗೋತಿದ್ದೀರಾ ಅಂತ. ನಿಮ್ಮ ಹೆಪ್ಪು ಓದಿದ ಅಜ್ಜಿ ಇಲ್ಲ ಅಂದುಬಿಟ್ಟರೆ?’ ಭೇಷ್ ಎಂದೆ. ಉತ್ತರ ಕೊಡುವವರು ಪರೀಕ್ಷಕರಿಗೇ ಪ್ರಶ್ನೆ ಹಾಕಿದರೆ ಮಂಡನೆಗೆ ಕಳೆ. ಕೊನೆಗೆ ಆದ ರಾಜಿ ಇದು: ಇಂಗ್ಲಿಷ್ ಹೆಸರು ಕನ್ನಡ ಅಕ್ಷರದಲ್ಲಿ ಹಾಗೆಯೇ ಇರಲಿ, ಮೊದಲ ಸಲ ಬಂದಲ್ಲಿ ವಿವರಣೆ ಕನ್ನಡದಲ್ಲಿರಲಿ. ‘ಇದನ್ನು ಡಾಕ್ಟರು ಬ್ಲಡ್ ಥಿನ್ನರ್ ಎನ್ನುತ್ತಾರೆ. ಇದರಿಂದ ರಕ್ತ ನೀರಾಗುವುದಿಲ್ಲ. ಬೇಗ ಹೆಪ್ಪುಗಟ್ಟುವುದಿಲ್ಲ, ಅಷ್ಟೆ.’ ಮೂಲದಲ್ಲಿಲ್ಲದ ಒಂದು ವಾಕ್ಯ ಸೇರಿತು. ಸೇರಲಿ. ಕನ್ನಡದ ಓದುಗರಿಗೆ ಮಾತ್ರ ಬರುವ ಅನುಮಾನಕ್ಕೆ ಕನ್ನಡದಲ್ಲಿ ಮಾತ್ರ ಬೇಕಾದ ವಾಕ್ಯ ಅದು.

ಮಿಕ್ಕ ಪುಟಗಳನ್ನು ಬೇಗ ಬೇಗ ತಿರುವಿದೆವು. ರಕ್ತ ಸೋರಿಕೆಯ ಲಕ್ಷಣಗಳಲ್ಲಿ ‘ಟಾರಿನಂತಹ ಕಪ್ಪು ಮಲ’ ಎಂದಿತ್ತು. ರಸ್ತೆಗೆ ಡಾಂಬರು ಹಾಕುವ ನಾಡಿನಲ್ಲಿ ಟಾರು ಏಕೆ ಬೇಕು? ‘ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ’ ಎಂದರೆ ಯಾರಿಗೂ ತಿಳಿಯುತ್ತದೆ. ಐಎನ್‌ಆರ್ ಎಂಬ ರಕ್ತ ಪರೀಕ್ಷೆಯ ಹೆಸರನ್ನು ಅವಳು ಮುಟ್ಟದೆ ಬಿಟ್ಟಿದ್ದಳು, ಲ್ಯಾಬಿನ ಚೀಟಿಯ ಮೇಲೆ ಹಾಗೇ ಅಚ್ಚಾಗಿರುತ್ತದಲ್ಲ. ಬ್ಯಾಂಕಿನವರಿಗೆ ಅದೇ ಮೂರಕ್ಷರ ಭಾರತದ ರೂಪಾಯಿ ಎಂಬುದು ಬೇರೆ ಮಾತು. ಸೊಪ್ಪಿನ ವಿಷಯದಲ್ಲಿ ಮಾತ್ರ ನಿಲ್ಲಬೇಕಾಯಿತು. ಸೊಪ್ಪಿನಲ್ಲಿ ಕೆ ಜೀವಸತ್ವ ಹೆಚ್ಚು. ಆದ್ದರಿಂದ ಸೇವನೆ ಒಂದೇ ಸಮವಾಗಿರಲಿ ಎಂದು ಮೂಲ ಹೇಳುತ್ತದೆ. ‘ಹಸಿರೆಲೆ ತರಕಾರಿಗಳ ಸೇವನೆಯಲ್ಲಿ ಸ್ಥಿರತೆ ಕಾಪಾಡಿಕೊಳ್ಳಿ’ ಎಂದು ಅವಳ ಅನುವಾದ. ಅಜ್ಜಿಗೆ ತಲುಪಿದ್ದು ‘ಸೊಪ್ಪು ತಿನ್ನಬಾರದಂತೆ’ ಎಂಬಷ್ಟು. ವಾರವೆಲ್ಲ ಬಸ್ಸಾರು ಉಣ್ಣುವವರು ಒಮ್ಮೆಗೇ ಸೊಪ್ಪು ಬಿಟ್ಟರೆ ಅದೇ ಮಾತ್ರೆ ಅತಿಯಾಗಿ ಕೆಲಸ ಮಾಡಿ ರಕ್ತ ಸೋರಬಹುದು; ಒಮ್ಮೆಗೇ ಹೆಚ್ಚಿಸಿದರೆ ಮಾತ್ರೆ ನಾಟದೆ ಹೋಗಬಹುದು. ‘ಸೊಪ್ಪು ಬಿಡಬೇಡಿ. ಇಷ್ಟು ದಿನ ತಿನ್ನುತ್ತಿದ್ದಷ್ಟೇ ತಿನ್ನಿ, ಒಮ್ಮೆಗೇ ಹೆಚ್ಚು ಕಡಿಮೆ ಮಾಡಬೇಡಿ’ ಎಂದು ತಿದ್ದಿದೆವು. ಇಲ್ಲಿ ಕಠಿಣ ಪಾರಿಭಾಷಿಕ ಪದ ಒಂದೂ ಇರಲಿಲ್ಲ ನೋಡಿ. ಸೊಪ್ಪು ಎನ್ನಬೇಕಾದಲ್ಲಿ ಹಸಿರೆಲೆ ತರಕಾರಿ ಎಂದದ್ದೂ, ‘ಸ್ಥಿರತೆ’ ಎಂಬ ಸೊಗಸೂ ಸಾಕಾಯಿತು.

ಹುಡುಗಿಗೆ ಒಳ್ಳೆಯ ಅಂಕವೇ ಬಂತು. ಮುಂದೆ ಇಂಥ ಪ್ರಾಜೆಕ್ಟ್ ಮಾಡುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೋಷ್ಟಕಕ್ಕೆ ಇನ್ನೊಂದು ಅಂಕಣ ಸೇರಿಸಿ, ತಲೆಬರಹ ‘ಓದಿದವರು ಏನೆಂದರು’. ಗೈಡ್ ಬೇಡವೆಂದರೆ ಅನುಬಂಧದಲ್ಲಾದರೂ ಹಾಕಿ. ನಾವು ಪರೀಕ್ಷಕರು ಮೊದಲು ತೆರೆಯುವುದು ಅದನ್ನೇ.