590 ರೂಪಾಯಿಯ ಬಿಲ್ಲು, ಇಪ್ಪತ್ತು ವರ್ಷದ ಬಡ್ಡಿ

ನಮ್ಮ ಮನೆಯಲ್ಲಿ ಸಾಲ ಅಂದರೆ ಎಲ್ಲರಿಗೂ ಭಯ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಅತ್ತೆ ದಿನಕ್ಕೊಂದು ಸಲವಾದರೂ ಹೇಳುತ್ತಾರೆ. ಇವರಂತೂ ಒಂದು ಮಿಕ್ಸಿಯನ್ನೂ ಕಂತಿನಲ್ಲಿ ತಂದವರಲ್ಲ. ಹಾಗಾಗಿ 2023ರ ಜುಲೈನಲ್ಲಿ ಶಿವಮೊಗ್ಗದ ನಮ್ಮ ಸೈಟಿನಲ್ಲಿ ಮನೆ ಕಟ್ಟಲು ಮೂವತ್ತು ಲಕ್ಷ ಸಾಲ ಕೇಳಲು ಬ್ಯಾಂಕಿಗೆ ಹೋದಾಗ, ನಮ್ಮಂಥವರಿಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ ಎನ್ನುವ ಧೈರ್ಯ ಇಬ್ಬರಿಗೂ ಇತ್ತು.

ಮ್ಯಾನೇಜರ್ ಕಂಪ್ಯೂಟರ್ ನೋಡಿ, "ಸರ್, ನಿಮಗೆ ಸ್ಕೋರೇ ಇಲ್ಲ. ಮೇಡಂ, ನಿಮ್ಮದು 648" ಅಂದರು. ಸ್ಕೋರು 300ರಿಂದ 900ರವರೆಗೆ ಇರುತ್ತದಂತೆ. ಆ ಬ್ಯಾಂಕಿನಲ್ಲಿ 750 ದಾಟಿದವರಿಗೆ ಶೇಕಡಾ 8.5 ಬಡ್ಡಿ, 700 ದಾಟಿದವರಿಗೆ 8.75. ನಮಗೆ ಕೊಟ್ಟರೆ 9.25, ಅದೂ ಮೇಲಿನವರು ಒಪ್ಪಿದರೆ.

ಇವರಿಗೆ ಸ್ಕೋರು ಇಲ್ಲದ್ದು ಯಾಕೆ ಅಂತ ಆಮೇಲೆ ಅರ್ಥವಾಯಿತು. ಸಾಲವನ್ನೇ ಮಾಡದವನು ಸಾಲ ಹೇಗೆ ತೀರಿಸುತ್ತಾನೆ ಅನ್ನುವುದಕ್ಕೆ ಬ್ಯಾಂಕಿನ ಹತ್ತಿರ ಸಾಕ್ಷಿಯೇ ಇರುವುದಿಲ್ಲ. ಉಳಿತಾಯ ಖಾತೆಯಲ್ಲಿ ಎಷ್ಟು ದುಡ್ಡಿದೆ, ಸಂಬಳ ಎಷ್ಟು ಎಂಬುದು ಸ್ಕೋರಿಗೆ ಸೇರುವುದೇ ಇಲ್ಲ. ಪಡೆದದ್ದನ್ನು ಹೇಳಿದ ದಿನಕ್ಕೆ ಕಟ್ಟಿದ್ದೀರಾ ಅನ್ನುವುದೇ ಮುಖ್ಯ ಲೆಕ್ಕ. ಆದರೆ ನನಗೆ 648 ಯಾಕೆ? ನಾನೂ ಸಾಲ ಮಾಡಿದವಳಲ್ಲವಲ್ಲ!

ಪಕ್ಕದ ಮನೆಯ ಆಂಟಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಇವರು ಇನ್ನೂ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕೋಣ ಎಂದು ಹೊರಟಿದ್ದನ್ನು ಕೇಳಿ ಅವರು ತಡೆದರು. "ಬೇಡಪ್ಪಾ, ಒಂದೊಂದು ಅರ್ಜಿಗೂ ಬ್ಯಾಂಕಿನೋರು ವರದಿ ತರಿಸ್ತಾರೆ. ಅದೆಲ್ಲ ದಾಖಲಾಗುತ್ತೆ. ಇವರಿಗೆ ದುಡ್ಡಿನ ತುರ್ತು ಇದೆ ಅಂತ ಸ್ಕೋರು ಇನ್ನೂ ಇಳಿಯುತ್ತೆ. ನಿಮ್ಮ ವರದಿ ನೀವೇ ತೆಗೆದು ನೋಡಿ, ಅದಕ್ಕೇನೂ ಇಳಿಯಲ್ಲ" ಅಂದರು. ಸಿಬಿಲ್ ಸೇರಿದಂತೆ ನಮ್ಮ ದೇಶದಲ್ಲಿ ಇಂಥ ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ವರದಿ ತೆರೆದರೆ ನಾನು ಮರೆತೇಬಿಟ್ಟಿದ್ದ ಒಂದು ಕ್ರೆಡಿಟ್ ಕಾರ್ಡು ಅಲ್ಲಿ ಕೂತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಸಂಬಳದ ಖಾತೆ ಇದ್ದ ಬ್ಯಾಂಕಿನವರು ಕೊಟ್ಟಿದ್ದು. ಆರಂಭದಲ್ಲಿ ಒಂದೆರಡು ಸಲ ಬಳಸಿದ್ದೆ. 2019ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದಾಗ ಫೋನ್ ನಂಬರೂ ಬದಲಾಯಿತು, ವಿಳಾಸವೂ ಬದಲಾಯಿತು, ಕಾರ್ಡನ್ನು ಮುರಿದು ಕಸಕ್ಕೆ ಹಾಕಿದೆ. ಕಾರ್ಡು ಮುರಿದರೆ ಖಾತೆ ಮುಚ್ಚಿದಂತೆ ಅಂದುಕೊಂಡಿದ್ದೆ. ಖಾತೆ ಮಾತ್ರ ಹಾಗೇ ಇತ್ತು. ಮರುವರ್ಷ 500 ರೂಪಾಯಿ ವಾರ್ಷಿಕ ಶುಲ್ಕ, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590ರ ಬಿಲ್ಲು ಹಳೆಯ ವಿಳಾಸಕ್ಕೆ ಹೋಗಿದೆ. ಅದಕ್ಕೆ ತಡದ ದಂಡ, ದಂಡದ ಮೇಲೆ ಬಡ್ಡಿ ಸೇರಿ 11,840 ರೂಪಾಯಿ ಆಗಿತ್ತು.

ವರದಿಯಲ್ಲಿ ಪ್ರತಿ ಖಾತೆಗೂ ಕಳೆದ 36 ತಿಂಗಳ ಚೌಕಗಳಿರುತ್ತವೆ. ಹೇಳಿದ ದಿನದಿಂದ ಎಷ್ಟು ದಿನ ತಡವಾಗಿದೆ ಎಂದು ಅದರಲ್ಲಿ ಬರೆಯುತ್ತಾರೆ. ಸರಿಯಾಗಿ ಕಟ್ಟಿದವರಿಗೆ 000. ನನ್ನದರಲ್ಲಿ ತಡದ ದಿನಗಳು ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಗಿದ್ದವು. 90 ದಿನ ದಾಟಿದರೆ ಬ್ಯಾಂಕು ಅದನ್ನು ಕೆಟ್ಟ ಸಾಲ ಅನ್ನುತ್ತದೆ. ಬಾಕಿ 590 ಇರಲಿ, ಐದು ಲಕ್ಷ ಇರಲಿ, ಆ ಚೌಕದಲ್ಲಿ ಕಾಣುವುದು ದಿನಗಳು ಮಾತ್ರ.

ಕಾರ್ಡಿನ ಬ್ಯಾಂಕಿಗೆ ಫೋನ್ ಮಾಡಿದೆ. "ಮೇಡಂ, 5,000 ಕಟ್ಟಿಬಿಡಿ, ಸೆಟಲ್ ಮಾಡ್ಕೊಡ್ತೀವಿ" ಅಂದರು. ನನಗೆ ಖುಷಿಯೋ ಖುಷಿ, 6,840 ಉಳಿಯಿತಲ್ಲ! ಅದೇ ಸಂಜೆ ಆಂಟಿಗೆ ಹೇಳಿದರೆ ಅವರು ಕಾಫಿ ಲೋಟ ಕೆಳಗಿಟ್ಟರು. "ಕಟ್ಟಿಲ್ಲ ತಾನೇ? ಕಟ್ಟಬೇಡ ಕಣೇ. ವರದೀಲಿ 'ಸೆಟಲ್ಡ್' ಅಂತ ಬರುತ್ತೆ. ಅಂದ್ರೆ ಇವಳು ಪೂರ್ತಿ ಕೊಡ್ಲಿಲ್ಲ, ನಾವೇ ಕೈಬಿಟ್ವಿ ಅಂತ ಅರ್ಥ. ಅದು ವರ್ಷಗಟ್ಟಲೆ ಉಳಿಯುತ್ತೆ. ಪೂರ್ತಿ ಕಟ್ಟಿ, ಖಾತೆ 'ಕ್ಲೋಸ್ಡ್' ಅಂತ ಮಾಡಿಸು. ಬಾಕಿ ಇಲ್ಲ ಅನ್ನೋ ಪತ್ರ ಕೈಗೆ ಬರೋವರೆಗೂ ಬಿಡಬೇಡ."

ಆಗಸ್ಟಿನಲ್ಲಿ 11,840 ಪೂರ್ತಿ ಕಟ್ಟಿದೆ. ಹೊಟ್ಟೆ ಉರಿದಿದ್ದು ನಿಜ. ಎರಡು ತಿಂಗಳಾದರೂ ವರದಿಯಲ್ಲಿ ಬಾಕಿ ಹಾಗೇ ಇತ್ತು. ಸಿಬಿಲ್ ವೆಬ್‌ಸೈಟಿನಲ್ಲೇ ತಕರಾರು ಹಾಕಿದೆ. ಅವರು ಬ್ಯಾಂಕನ್ನು ಕೇಳಿದರು, ನಾನು ಬಾಕಿ ಇಲ್ಲ ಅನ್ನುವ ಪತ್ರವನ್ನು ಬ್ಯಾಂಕಿಗೂ ಇಮೇಲ್ ಮಾಡಿದೆ, ತಿಂಗಳೊಳಗೆ ಸರಿಯಾಯಿತು. ಈಗಂತೂ 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಇದೆ.

ಗಾಯ ಕಟ್ಟಿದ್ದಾಯಿತು, ಆದರೆ ಹಳೆಯ ಚೌಕಗಳು ಅಳಿಯುವುದಿಲ್ಲ. ಒಳ್ಳೆಯ ತಿಂಗಳು ಸೇರಿದ ಹಾಗೆ ಅವು ಹಿಂದೆ ಸರಿಯುತ್ತವೆ, ಅಷ್ಟೇ. ಅದಕ್ಕೆ ಆಂಟಿ ಹೇಳಿದಂತೆ ನಾವಿಬ್ಬರೂ 25,000ದ ಒಂದೊಂದು ಎಫ್‌ಡಿ ಇಟ್ಟು, ಅದರ ಮೇಲೆ 20,000 ಮಿತಿಯ ಒಂದೊಂದು ಕಾರ್ಡು ತೆಗೆದುಕೊಂಡೆವು. ಎಫ್‌ಡಿ ಅಡ ಇರುವುದರಿಂದ ಸ್ಕೋರು ಇಲ್ಲದವರಿಗೂ ಇದು ಸಿಗುತ್ತದೆ. ಅದರಲ್ಲಿ ತಿಂಗಳಿಗೆ ಮೂರ್ನಾಲ್ಕು ಸಾವಿರದ ದಿನಸಿ, ಕರೆಂಟ್ ಬಿಲ್ಲು ಮಾತ್ರ. ಮಿತಿಯ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಂಡೆವು. ಮಿತಿಯ ಅಂಚಿನವರೆಗೆ ಬಳಸುವವರು ಕೈಬಿಗಿಯಲ್ಲಿದ್ದಾರೆ ಎಂದು ಸ್ಕೋರು ಲೆಕ್ಕ ಹಾಕುತ್ತದೆ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಅಂತ ಒಂದು ಸಣ್ಣ ಅಂಕಿ ಇರುತ್ತದೆ. ಅಷ್ಟನ್ನೇ ಕಟ್ಟಿದರೆ ತಡ ಅಂತ ದಾಖಲಾಗುವುದಿಲ್ಲ, ಆದರೆ ಉಳಿದದ್ದಕ್ಕೆ ದುಬಾರಿ ಬಡ್ಡಿ ಬೀಳುತ್ತದೆ. ಅದಕ್ಕೇ ಪೂರ್ತಿ ಬಿಲ್ಲು ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿಸಿದೆವು.

2024ರ ನವೆಂಬರ್ ಹೊತ್ತಿಗೆ ನನ್ನದು 731 ಆಯಿತು. ಇವರಿಗೂ ಒಂದು ಸ್ಕೋರು ಹುಟ್ಟಿತು, ಅದು ನನ್ನದಕ್ಕಿಂತ ಜಾಸ್ತಿ! ಆದರೆ ಜಂಟಿ ಸಾಲಕ್ಕೆ ಆ ಬ್ಯಾಂಕು ಇಬ್ಬರಲ್ಲಿ ಕಡಿಮೆ ಇದ್ದವರದ್ದನ್ನೇ ಹಿಡಿಯಿತು. ಬಡ್ಡಿ 8.75 ಅಂತಾಯಿತು.

ಅವತ್ತು ರಾತ್ರಿ ಮೂವತ್ತು ಲಕ್ಷಕ್ಕೆ ಇಪ್ಪತ್ತು ವರ್ಷದ ಲೆಕ್ಕ ಹಾಕಿ ನೋಡಿದೆ. 9.25ಕ್ಕೆ ತಿಂಗಳ ಕಂತು 27,476. ನಮಗೆ ಬಂದಿದ್ದು 26,511. ತಿಂಗಳಿಗೆ 965 ಕಡಿಮೆ. ದರ ಹೀಗೇ ಇದ್ದರೆ 240 ಕಂತಿಗೆ 2 ಲಕ್ಷ 31 ಸಾವಿರ ಉಳಿತಾಯ. ಸೆಟಲ್‌ಮೆಂಟಿನಲ್ಲಿ 6,840 ಉಳಿಸಲು ಹೋಗಿದ್ದವಳು ನಾನು! ಕಾದ ಹದಿನಾರು ತಿಂಗಳಲ್ಲಿ ಸಿಮೆಂಟು, ಕೂಲಿ ಒಂದಿಷ್ಟು ಏರಿತು, ಬಾಡಿಗೆಯೂ ಕಟ್ಟಿದೆವು. ಹಾಗಾಗಿ ಅಷ್ಟೂ ಲಾಭ ಅನ್ನಲಾರೆ. ಮುಂಚೆಯೇ ವರದಿ ನೋಡಿದ್ದರೆ ಕಾಯಬೇಕಾಗಿಯೇ ಇರಲಿಲ್ಲ.

ಇನ್ನೊಂದು ಅಂಕಿ ನನ್ನನ್ನು ಚುಚ್ಚುತ್ತದೆ. 8.5 ಸಿಕ್ಕಿದ್ದರೆ ಕಂತು 26,035. ಅಂದರೆ ಆ 590ರ ಬಿಲ್ಲಿಗಾಗಿ ಈಗಲೂ ತಿಂಗಳಿಗೆ 476 ರೂಪಾಯಿ ಕೊಡುತ್ತಿದ್ದೇನೆ. ಅದನ್ನೂ ಬಿಡಬಾರದು ಅಂತ ಹಠ. ಬದಲಾಗುವ ಬಡ್ಡಿಯ ಗೃಹಸಾಲದಲ್ಲಿ, ಸ್ಕೋರು ಏರಿದಾಗ ದರ ಇಳಿಸಿ ಎಂದು ಬ್ಯಾಂಕನ್ನು ಕೇಳಬಹುದು. ಒಪ್ಪದಿದ್ದರೆ ಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯಬಹುದು, ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಇಲ್ಲ. ಹೊಸ ಬ್ಯಾಂಕಿನ ಖರ್ಚುಗಳನ್ನು ಮಾತ್ರ ಲೆಕ್ಕ ಹಾಕಿಕೊಳ್ಳಬೇಕು. ಹೋದ ತಿಂಗಳು ನನ್ನ ಸ್ಕೋರು 758 ಆಗಿತ್ತು. ಅರ್ಜಿ ಬರೆದು ಮ್ಯಾನೇಜರ್ ಟೇಬಲ್ಲಿನ ಮೇಲೆ ಇಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ.

ಅತ್ತೆ ಈಗಲೂ ಹಾಸಿಗೆಯ ಗಾದೆ ಹೇಳುತ್ತಾರೆ. ಮೊನ್ನೆ ಮಾತ್ರ ಮೆಲ್ಲಗೆ ಬಂದು, "ನನ್ನ ಹೆಸರಲ್ಲೂ ಏನಾದ್ರೂ ಕಾರ್ಡು ಗೀರ್ಡು ಇದೆಯೇನೋ, ನೋಡೇ ಸ್ವಲ್ಪ" ಅಂದರು.