ಕೆಮ್ಮಣ್ಣಿನಿಂದ ಆಗುಂಬೆಗೆ: ಯಾವ ಬೈಕು?

ತೂಗುಸೇತುವೆಯ ಊರು ಕೆಮ್ಮಣ್ಣಿನಿಂದ ವಾರಾಂತ್ಯಕ್ಕೆ ಆಗುಂಬೆ ಹತ್ತಬೇಕೆಂದು ಮಗನ ಹಟ. 350 ಸಿ.ಸಿ.ಯ ಮೀಟಿಯರ್ ನೋಡಿದೆವು. ತೂಕ 191 ಕಿಲೋ! ಹೆದ್ದಾರಿಯಲ್ಲಿ ಈ ಭಾರ ಗೊತ್ತಾಗದು; ಕಾಪುವಿನ ಕಡಲಗಾಳಿ ಪಕ್ಕದಿಂದ ಬಡಿದಾಗ ಒಳ್ಳೆಯದೇ. ಕಷ್ಟವೆಲ್ಲ ನಮ್ಮ ಓಣಿಯ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ. ಸೀಟು 765 ಮಿ.ಮೀ. ಎತ್ತರವಷ್ಟೇ, ಎರಡೂ ಪಾದ ನೆಲಕ್ಕೂರಿದವು. ಒಬ್ಬನೇ ತಳ್ಳಿದ, ಪಾಸಾದ. ಆದರೆ ಕಾಲು ಮುಂದಕ್ಕೆ ಚಾಚಿ ಕೂರುವುದರಿಂದ ಹೊಂಡದ ಪೆಟ್ಟು ನೇರ ಬೆನ್ನಿಗೆ.

ಗಾಳಿತಡೆ ಗಾಜು ಎತ್ತರವಿದ್ದಷ್ಟೂ ಮೇಲೆಂಬುದು ಸುಳ್ಳು. ಅದರ ಅಂಚಿನ ಗಾಳಿ ಹೆಲ್ಮೆಟ್ಟಿಗೆ ಬಡಿದರೆ ತಲೆಯೇ ನಡುಗುತ್ತದೆ, ಓಡಿಸಿಯೇ ನೋಡಬೇಕು.

ರಿಪೇರಿಗೆ ಉಡುಪಿ ಹತ್ತಿರ. ಘಾಟಿಯ 14 ತಿರುವುಗಳ ನಡುವೆ ಕ್ಲಚ್ ಕೇಬಲ್ ತುಂಡಾದರೆ? ಚೀಲದಲ್ಲಿ ಹೊಸದೊಂದನ್ನು ಇಟ್ಟುಕೊಂಡೇ ಹೊರಟೆವು.